ದಿನಕ್ಕೊಂದು ಕಾರ್ಡ್, ಅದರಲ್ಲಿ ಇಲ್ಲದ ಕರ್ತೃಪದ

ಪ್ರಶ್ನೆ: ಎಂಟು ತಿಂಗಳಿಂದ ಪ್ರತಿದಿನ ಬೆಳಿಗ್ಗೆ ನನ್ನ ಮತ್ತು ನನ್ನ ಪತಿಯ ಸಂಬಂಧದ ಬಗ್ಗೆ ಒಂದು ಟ್ಯಾರೋ ಕಾರ್ಡ್ ತೆಗೆಯುತ್ತಿದ್ದೇನೆ. ಕಳೆದ ವಾರ ‘ಇವತ್ತು ನಮ್ಮಿಬ್ಬರ ನಡುವೆ ಏನಿದೆ’ ಎಂದು ಕೇಳಿದಾಗ ಸೆವೆನ್ ಆಫ್ ಸ್ವೋರ್ಡ್ಸ್ ಬಂತು. ಅದರ ಅರ್ಥ ಮೋಸ ಎಂದು ಓದಿದ್ದೆ. ದಿನವಿಡೀ ಮನಸ್ಸು ಕೆಟ್ಟು, ರಾತ್ರಿ ಅವರು ಮಲಗಿದ ಮೇಲೆ ಅವರ ಫೋನ್ ತೆರೆದು ನೋಡಿದೆ. ಏನೂ ಇರಲಿಲ್ಲ. ಮತ್ತೆ ಮೂರು ಕಾರ್ಡ್ ತೆಗೆದಾಗ ಅದರಲ್ಲಿ ಪ್ರೀತಿಯ ಕಾರ್ಡ್ ಎನ್ನುವ ಟೂ ಆಫ್ ಕಪ್ಸ್ ಬಂತು. ಫೋನ್ ನೋಡಿದ್ದು ಅವರಿಗೆ ಗೊತ್ತಾಗಿ ಈಗ ನಮ್ಮಲ್ಲಿ ಮಾತಿಲ್ಲ. ನಾನು ಯಾವ ಕಾರ್ಡನ್ನು ನಂಬಬೇಕಿತ್ತು? ಒಂದೇ ಕಾರ್ಡ್ ನಿಜವಾಗಿ ಎಷ್ಟು ಹೇಳಬಲ್ಲದು?

ಉತ್ತರ: ಆ ಬೆಳಿಗ್ಗೆ ಬಂದ ಕಾರ್ಡ್ ನಿಮ್ಮ ಪತಿಯ ಬಗ್ಗೆ ಏನನ್ನೂ ಹೇಳಲಿಲ್ಲ, ಮತ್ತು ರಾತ್ರಿ ಬಂದ ಟೂ ಆಫ್ ಕಪ್ಸ್ ಕೂಡ ಅವರ ಪರವಾಗಿ ಸಾಕ್ಷಿ ನುಡಿಯಲಿಲ್ಲ. ಎಪ್ಪತ್ತೆಂಟು ಕಾರ್ಡ್‌ಗಳ ಕಟ್ಟನ್ನು ಕಲೆಸಿದ ಮೇಲೆ ಯಾವುದು ಕೈಗೆ ಬರುತ್ತದೆ ಎಂಬುದು ಆಕಸ್ಮಿಕ. ಬೇರೆ ಕೋಣೆಯಲ್ಲಿ ಕುಳಿತ ಮನುಷ್ಯನ ಮನಸ್ಸಾಗಲಿ ನಡತೆಯಾಗಲಿ ಆ ಕಲೆಸುವಿಕೆಯೊಳಗೆ ಸೇರುವ ದಾರಿಯೇ ಇಲ್ಲ. ಹಲವು ವರ್ಷಗಳಿಂದ ದಿನಕ್ಕೊಂದು ಕಾರ್ಡ್ ತೆಗೆದು ಬರೆದಿಡುತ್ತಿರುವ ನಾನು ಈ ಮಾತನ್ನು ಅಭ್ಯಾಸದ ಮೇಲಿನ ಪ್ರೀತಿಯಿಂದಲೇ ಹೇಳುತ್ತಿದ್ದೇನೆ. ಒಂದು ಕಾರ್ಡ್ ನೋಡುವವರ ಗಮನವನ್ನು ಒಂದು ಕಡೆಗೆ ತಿರುಗಿಸಬಲ್ಲದು, ಮತ್ತು ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ನಿಮ್ಮ ವಿಷಯದಲ್ಲಿ ಎಡವಟ್ಟಾಗಿದ್ದು ಪ್ರಶ್ನೆಯ ಮಟ್ಟದಲ್ಲಿ, ಕಾರ್ಡ್ ತಿರುಗಿಸುವುದಕ್ಕೂ ಮೊದಲೇ.

ಇದನ್ನು ನಮ್ಮ ಶಾಲೆಯ ವ್ಯಾಕರಣದ ಮೂಲಕ ವಿವರಿಸುವುದು ನನಗೆ ಸುಲಭ. ‘ಕದಿ’ ಎಂಬುದು ಒಂದು ಧಾತು. ಅದನ್ನು ಕೇಳಿದಾಗ ಒಂದು ಕ್ರಿಯೆ ಮನಸ್ಸಿಗೆ ಬರುತ್ತದೆ, ಆದರೆ ಯಾರು ಕದ್ದರು, ಯಾವಾಗ ಕದ್ದರು, ಕದ್ದರೋ ಕದಿಯಲಿಲ್ಲವೋ ಎಂಬುದು ತಿಳಿಯುವುದಿಲ್ಲ. ಪ್ರತ್ಯಯ ಸೇರಿದ ಮೇಲೆಯೇ ಅದು ಕದ್ದನು, ಕದ್ದಳು, ಕದ್ದೆನು, ಕದಿಯುವೆವು, ಕದಿಯರು ಎಂದು ನಿಲ್ಲುತ್ತದೆ. ಒಂಟಿ ಕಾರ್ಡ್ ಇಂಥ ಬರಿಯ ಧಾತು. ಅದಕ್ಕೆ ಕರ್ತೃ ಇಲ್ಲ, ಕಾಲ ಇಲ್ಲ, ‘ಇಲ್ಲ’ ಎನ್ನುವ ಶಕ್ತಿಯೂ ಇಲ್ಲ. ಹಲವು ಕಾರ್ಡ್‌ಗಳ ಸ್ಪ್ರೆಡ್‌ನಲ್ಲಿ ಈ ಕೊರತೆಯನ್ನು ಸ್ಥಾನಗಳು ತುಂಬುತ್ತವೆ: ಮೊದಲನೆಯದು ನಾನು, ಎರಡನೆಯದು ನಾನು ಕಂಡಂತೆ ಅವರು, ಮೂರನೆಯದು ನಮ್ಮ ನಡುವಿನ ವಿಷಯ ಎಂದು ಕಾರ್ಡ್ ಇಡುವ ಮೊದಲೇ ಗೊತ್ತುಮಾಡಿರುತ್ತೇವೆ. ಒಂದೇ ಕಾರ್ಡ್ ತೆಗೆಯುವಾಗ ಸ್ಥಾನವೇ ಇರುವುದಿಲ್ಲವಾದ್ದರಿಂದ ಆ ಹೊಣೆಯೆಲ್ಲ ಪ್ರಶ್ನೆಯ ಮೇಲೆ ಬೀಳುತ್ತದೆ. ‘ನಮ್ಮಿಬ್ಬರ ನಡುವೆ ಏನಿದೆ’ ಎಂಬ ಪ್ರಶ್ನೆಯಲ್ಲಿ ಕರ್ತೃ ಖಾಲಿ ಉಳಿದಿತ್ತು, ಆ ಖಾಲಿ ಜಾಗಕ್ಕೆ ನಿಮ್ಮ ಭಯ ಪತಿಯನ್ನು ತಂದು ನಿಲ್ಲಿಸಿತು.

ಈಗ ಆ ಕಾರ್ಡನ್ನೇ ಎದುರಿಗೆ ಇಟ್ಟುಕೊಂಡು ನೋಡೋಣ. ನಿಮ್ಮಲ್ಲಿರುವುದು 1909ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ, ಆರ್ಥರ್ ಎಡ್ವರ್ಡ್ ವೇಟ್ ಅವರ ಯೋಜನೆಯಂತೆ ಪಮೇಲಾ ಕೋಲ್ಮನ್ ಸ್ಮಿತ್ ಬಿಡಿಸಿದ ಕಟ್ಟು, ಅಥವಾ ಅದನ್ನು ಅನುಸರಿಸಿದ ಕಟ್ಟು ಎಂದು ಭಾವಿಸಿ ಬರೆಯುತ್ತಿದ್ದೇನೆ. ಈಗ ಬಳಕೆಯಲ್ಲಿರುವ ಬಹಳಷ್ಟು ಕಟ್ಟುಗಳ ಮೂಲ ಅದೇ. ಹಳದಿ ಆಕಾಶದ ಕೆಳಗೆ ಬಣ್ಣದ ಡೇರೆಗಳಿವೆ. ಒಬ್ಬ ಮನುಷ್ಯ ಐದು ಕತ್ತಿಗಳನ್ನು ಅಲಗುಗಳ ಬಳಿಯೇ ಹಿಡಿದುಕೊಂಡು, ತುದಿಗಾಲಿನಲ್ಲಿ ಡೇರೆಗಳಿಂದ ದೂರ ಹೋಗುತ್ತಿದ್ದಾನೆ. ಅವನ ಮುಖ ಹಿಂದಕ್ಕೆ ತಿರುಗಿದೆ. ಎರಡು ಕತ್ತಿಗಳು ನೆಲದಲ್ಲಿ ನೆಟ್ಟಂತೆಯೇ ಉಳಿದಿವೆ, ಬಹಳ ದೂರದಲ್ಲಿ ಒಂದು ಸಣ್ಣ ಗುಂಪು ಕಾಣುತ್ತದೆ. ಚಿತ್ರದಲ್ಲಿರುವುದು ಇಷ್ಟೇ. ಆ ಕತ್ತಿಗಳು ಅವನದೋ ಬೇರೆಯವರದೋ ಎಂದು ಚಿತ್ರ ಹೇಳುವುದಿಲ್ಲ. ದಾಂಪತ್ಯದ ಸುಳಿವಂತೂ ಅದರಲ್ಲಿ ಎಲ್ಲಿಯೂ ಇಲ್ಲ.

ವೇಟ್ ಈ ಕಾರ್ಡ್‌ಗೆ ಕೊಟ್ಟ ಅರ್ಥಗಳಲ್ಲಿ ಯೋಜನೆ, ಪ್ರಯತ್ನ, ಆಸೆ, ಭರವಸೆ ಮೊದಲು ಬರುತ್ತವೆ. ಆಮೇಲೆ ಜಗಳ, ಕೈಗೂಡದೆ ಹೋಗಬಹುದಾದ ಉಪಾಯ, ಕಿರಿಕಿರಿ. ಈ ಅರ್ಥಗಳು ಒಂದಕ್ಕೊಂದು ಬಹಳ ದೂರವಿವೆ, ಆದ್ದರಿಂದ ಇದರ ತಾತ್ಪರ್ಯ ಖಚಿತವಲ್ಲ ಎಂದು ಅವರೇ ಸೇರಿಸಿದ್ದಾರೆ. ದಾಂಪತ್ಯದ್ರೋಹ ಎಂಬ ಮಾತು ಆ ಪಟ್ಟಿಯಲ್ಲಿ ಇಲ್ಲ. ನೀವು ಓದಿದ ‘ಮೋಸ’ ಎಂಬ ಒಂದೇ ಪದ ಅನಂತರದ ಓದುಗರು ಚಿತ್ರದ ಕಳ್ಳಹೆಜ್ಜೆಯಿಂದ ತೆಗೆದ ಅರ್ಥ. ಅದು ತಪ್ಪು ಓದು ಎಂದು ನಾನು ಹೇಳುವುದಿಲ್ಲ, ಸಾಧ್ಯವಿರುವ ಓದುಗಳಲ್ಲಿ ಅದೂ ಒಂದು. ಆದರೆ ಅರ್ಥದ ಪಟ್ಟಿಯಿಂದ ಅತ್ಯಂತ ಚೂಪಾದ ಪದವನ್ನು ಆರಿಸಿ, ಅದಕ್ಕೆ ಅತ್ಯಂತ ಹತ್ತಿರದ ಮನುಷ್ಯನನ್ನು ಕರ್ತೃವಾಗಿ ಜೋಡಿಸಿದಾಗ ಸಿಗುವ ವಾಕ್ಯ ನಮ್ಮ ರಚನೆ ಎಂಬ ಎಚ್ಚರ ಇರಬೇಕು.

ಒಂದು ಸೂಕ್ಷ್ಮವಾದ ವಿಷಯವನ್ನು ನಿಮ್ಮನ್ನು ನೋಯಿಸುವ ಉದ್ದೇಶವಿಲ್ಲದೆ ಹೇಳುತ್ತೇನೆ. ಆ ದಿನ ಸದ್ದಾಗದಂತೆ ಹೆಜ್ಜೆಯಿಟ್ಟು, ಹಿಂದೆ ತಿರುಗಿ ನೋಡುತ್ತಾ, ಮತ್ತೊಬ್ಬರ ವಸ್ತುವನ್ನು ಎತ್ತಿಕೊಂಡವರು ನೀವೇ. ಇದನ್ನು ಕೇಳಿ ‘ಹಾಗಾದರೆ ಕಾರ್ಡ್ ನಿಜವಾಯಿತಲ್ಲ’ ಎಂದು ಅನೇಕರು ಬೆರಗಾಗುತ್ತಾರೆ. ದಯವಿಟ್ಟು ಹಾಗೆ ತಿಳಿಯಬೇಡಿ. ಬೆಳಿಗ್ಗೆ ಬೇರೆ ಕಾರ್ಡ್ ಬಂದಿದ್ದರೆ ನೀವು ರಾತ್ರಿ ಫೋನ್ ತೆರೆಯುತ್ತಿರಲಿಲ್ಲ. ಕಾರ್ಡ್ ಮುಂದಾಗುವುದನ್ನು ಕಂಡಿತ್ತು ಎನ್ನುವುದಕ್ಕಿಂತ, ಅದರ ಓದೇ ಆ ರಾತ್ರಿಯನ್ನು ನಡೆಸಿತು ಎನ್ನುವುದು ನಡೆದದ್ದಕ್ಕೆ ಹತ್ತಿರ. ಸಂಬಂಧದ ಬಗ್ಗೆ ದಿನವೂ ಕಾರ್ಡ್ ತೆಗೆಯುವವರಲ್ಲಿ ನಾನು ಕಂಡ ಅತಿ ದೊಡ್ಡ ಅಪಾಯ ಇದೇ: ಓದು ನಡತೆಯಾಗುತ್ತದೆ, ನಡತೆಗೆ ಎದುರಿನವರು ಪ್ರತಿಕ್ರಿಯಿಸುತ್ತಾರೆ, ಆ ಪ್ರತಿಕ್ರಿಯೆ ಓದಿಗೆ ಪುರಾವೆಯಾಗಿ ಕಾಣುತ್ತದೆ. ಈಗ ನಿಮ್ಮ ಪತಿ ಮಾತು ಬಿಟ್ಟಿರುವುದನ್ನು ನೋಡಿ ‘ಏನೋ ಇದ್ದೇ ಇದೆ’ ಎಂದು ನಿಮಗೆ ಅನ್ನಿಸಿದರೆ ಆ ಸುತ್ತು ಪೂರ್ಣವಾದಂತೆ.

ರಾತ್ರಿಯ ಮೂರು ಕಾರ್ಡ್‌ಗಳಿಗೆ ಬರೋಣ. ಮೊದಲ ಕಾರ್ಡ್ ತಿಳಿಯಾಗಲಿಲ್ಲವೆಂದು ತೆಗೆಯುವ ಮತ್ತೊಂದು ಕಾರ್ಡನ್ನು ಕ್ಲಾರಿಫೈಯರ್ ಎನ್ನುತ್ತಾರೆ. ದೊಡ್ಡ ಸ್ಪ್ರೆಡ್‌ಗಳಲ್ಲಿ ಅದಕ್ಕೆ ಉಪಯೋಗವಿರಬಹುದು, ದಿನದ ಕಾರ್ಡ್‌ನಲ್ಲಿ ಮಾತ್ರ ಅದು ಹೆಚ್ಚಾಗಿ ಸಮಾಧಾನದ ಹುಡುಕಾಟವಾಗುತ್ತದೆ. ಲೆಕ್ಕ ಹಾಕಿ ನೋಡಿ: ಕಪ್ಸ್ ಗುಂಪಿನಲ್ಲಿ 14 ಕಾರ್ಡ್‌ಗಳಿವೆ. ಒಂದು ಕಾರ್ಡ್ ಹೊರಗಿಟ್ಟ ಮೇಲೆ ಉಳಿಯುವ 77ರಿಂದ ಮೂರನ್ನು ತೆಗೆದರೆ, ಅವುಗಳಲ್ಲಿ ಕನಿಷ್ಠ ಒಂದಾದರೂ ಕಪ್ಸ್ ಆಗಿರುವ ಸಾಧ್ಯತೆ ಸುಮಾರು ಶೇಕಡಾ 46ರಷ್ಟು. ಪ್ರೀತಿ, ಭಾವನೆಗಳ ಗುಂಪೆಂದು ಎಲ್ಲರೂ ಓದುವ ಕಪ್ಸ್‌ನಿಂದ ಒಂದು ಕಾರ್ಡ್ ಬರುವುದು ಹೆಚ್ಚುಕಡಿಮೆ ಅರ್ಧದಷ್ಟು ಸಲ ಹೀಗೆಯೇ ಆಗುತ್ತದೆ. ಇನ್ನೊಂದು ಕಡೆ, ಮೂರು ಕಾರ್ಡ್‌ಗಳಲ್ಲಿ ಸಮಾಧಾನ ಕೊಟ್ಟದ್ದು ಟೂ ಆಫ್ ಕಪ್ಸ್ ಎಂದು ಮಾತ್ರ ಬರೆದಿದ್ದೀರಿ, ಉಳಿದ ಎರಡರ ಹೆಸರು ನಿಮ್ಮ ಪತ್ರದಲ್ಲಿಲ್ಲ. ಅವು ನೆನಪಿನಿಂದ ಜಾರಿರುವುದು ಸಹಜ. ಬೇಕಾದದ್ದು ಸಿಗುವವರೆಗೂ ತೆಗೆದು, ಸಿಕ್ಕಿದ್ದನ್ನೇ ಉತ್ತರವೆಂದು ಇಟ್ಟುಕೊಂಡಾಗ, ಆ ಉತ್ತರ ನಮ್ಮ ಬಯಕೆಯ ಅಳತೆಯೇ ಹೊರತು ಸಂಬಂಧದ ಅಳತೆಯಲ್ಲ.

ಹೆದರಿಸುವ ಕಾರ್ಡ್‌ಗಳಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಡೆತ್, ಡೆವಿಲ್, ಟವರ್, ಥ್ರೀ ಆಫ್ ಸ್ವೋರ್ಡ್ಸ್, ಟೆನ್ ಆಫ್ ಸ್ವೋರ್ಡ್ಸ್ ಎಂಬ ಐದನ್ನು ಮಾತ್ರ ತೆಗೆದುಕೊಳ್ಳಿ. ದಿನವೂ ಇಡೀ ಕಟ್ಟನ್ನು ಕಲೆಸಿ ಒಂದು ಕಾರ್ಡ್ ತೆಗೆದರೆ, 30 ದಿನಗಳಲ್ಲಿ ಈ ಐದರಲ್ಲಿ ಒಂದಾದರೂ ಕಾಣಿಸಿಕೊಳ್ಳುವ ಸಾಧ್ಯತೆ ಸುಮಾರು ಶೇಕಡಾ 86. ಎಷ್ಟೇ ನೆಮ್ಮದಿಯ ದಾಂಪತ್ಯವಾದರೂ ತಿಂಗಳಿಗೆ ಸರಾಸರಿ ಎರಡು ಸಲ ಇಂಥ ಕಾರ್ಡ್ ಬಂದೇ ಬರುತ್ತದೆ. ಒಂದೇ ಕಾರ್ಡ್ ಮತ್ತೆ ಮತ್ತೆ ಬಂದರೆ ಅದು ಬೆನ್ನುಹತ್ತಿದೆ ಎಂದು ಹೇಳುವವರಿದ್ದಾರೆ. ಯಾವುದಾದರೂ ಒಂದು ಕಾರ್ಡ್ ಎರಡನೆಯ ಸಲ ಬರುವ ಸಾಧ್ಯತೆ ಹನ್ನೊಂದನೆಯ ದಿನದ ಹೊತ್ತಿಗೇ ಅರ್ಧವನ್ನು ದಾಟುತ್ತದೆ. ಕಟ್ಟಿನ ದೊಡ್ಡ ಕಾರ್ಡ್‌ಗಳೆನ್ನುವ ಇಪ್ಪತ್ತೆರಡು ಮೇಜರ್ ಅರ್ಕಾನಾ ಕಾರ್ಡ್‌ಗಳೂ ನಾಲ್ಕು ದಿನಕ್ಕೊಮ್ಮೆಗಿಂತ ಹೆಚ್ಚಾಗಿಯೇ ಬರುತ್ತವೆ, ಆದ್ದರಿಂದ ದಿನದ ಕಾರ್ಡ್‌ನಲ್ಲಿ ಅವುಗಳನ್ನು ಬದುಕಿನ ದೊಡ್ಡ ತಿರುವು ಎಂದು ಓದಬಾರದು.

ಇನ್ನು ಕಾರ್ಡ್ ಹೇಳಬಲ್ಲದ್ದು. ಇದನ್ನು ನಿಮ್ಮ ಕಾರ್ಡ್‌ನಿಂದಲೇ ತೋರಿಸುತ್ತೇನೆ, ಪ್ರಶ್ನೆಯನ್ನು ಮಾತ್ರ ಬದಲಿಸಿಕೊಳ್ಳೋಣ. ದಿನದ ಪ್ರಶ್ನೆಯಲ್ಲಿ ಕರ್ತೃ ‘ನಾನು’ ಆಗಿರಬೇಕು, ಕಾಲ ‘ಇವತ್ತು’ ಆಗಿರಬೇಕು, ಕ್ರಿಯೆ ನನ್ನ ಕೈಯಲ್ಲಿರುವಂಥದ್ದಾಗಿರಬೇಕು. ಉದಾಹರಣೆಗೆ, ‘ಇವತ್ತು ಅವರೊಡನೆ ಮಾತನಾಡುವಾಗ ನನ್ನಲ್ಲಿ ಯಾವುದನ್ನು ನಾನು ಗಮನಿಸಲಿ?’ ಕಾರ್ಡ್ ತಿರುಗಿಸುವ ಮೊದಲೇ ಇದನ್ನು ಕಾಗದದ ಮೇಲೆ ಬರೆಯುವುದು ಮುಖ್ಯ, ಏಕೆಂದರೆ ಮನಸ್ಸಿನಲ್ಲೇ ಇಟ್ಟುಕೊಂಡ ಪ್ರಶ್ನೆ ಕಾರ್ಡ್ ಕಂಡ ಕ್ಷಣದಲ್ಲಿ ತಾನಾಗಿ ಬದಲಾಗುತ್ತದೆ, ಬದಲಾಗಿದ್ದು ನಮಗೆ ಗೊತ್ತೂ ಆಗುವುದಿಲ್ಲ.

ಕಾರ್ಡ್ ತಿರುಗಿಸಿದ ಮೇಲೆ ಅರ್ಥವನ್ನು ಹುಡುಕುವ ಮೊದಲು ಕಂಡದ್ದನ್ನು ಎರಡು ವಾಕ್ಯಗಳಲ್ಲಿ ಬರೆಯಿರಿ. ‘ಒಬ್ಬ ಕತ್ತಿಗಳನ್ನು ಹೊತ್ತುಕೊಂಡು ಹಿಂದೆ ನೋಡುತ್ತಾ ಹೋಗುತ್ತಿದ್ದಾನೆ. ಎರಡನ್ನು ಬಿಟ್ಟಿದ್ದಾನೆ.’ ಇದರಲ್ಲಿ ಮೋಸ, ಕಳ್ಳ ಎಂಬ ತೀರ್ಪಿನ ಪದಗಳು ನುಸುಳಿದರೆ ಅಳಿಸಿ ಮತ್ತೆ ಬರೆಯಿರಿ. ಅನಂತರ ಆ ವಾಕ್ಯಗಳನ್ನು ಪ್ರಶ್ನೆಯ ಕರ್ತೃವಿಗೆ ಜೋಡಿಸಿ. ನಾನು ಯಾವುದನ್ನು ಹೇಳದೆ ಹೊತ್ತುಕೊಂಡು ತಿರುಗುತ್ತಿದ್ದೇನೆ? ಅಲಗನ್ನೇ ಹಿಡಿದಿರುವುದರಿಂದ ಅದು ನನ್ನ ಕೈಯನ್ನೇ ಕೊಯ್ಯುತ್ತಿದೆಯೇ? ಹೋಗುವಾಗಲೂ ಹಿಂದೆ ನೋಡುತ್ತಿರುವುದು ಏಕೆ? ಈ ಪ್ರಶ್ನೆಗಳಲ್ಲಿ ಒಂದು ಕೂಡ ಪತಿಯ ಬಗ್ಗೆ ಅಲ್ಲ, ಆದರೂ ಮೂರೂ ನಿಮ್ಮ ಸಂಬಂಧಕ್ಕೆ ನೇರವಾಗಿ ಸೇರಿದವು.

ನನ್ನ ಅನುಭವದ ಒಂದು ಪುಟವನ್ನು ಹೇಳಬಹುದು. ಕೆಲವು ವರ್ಷಗಳ ಹಿಂದೆ ಇಂಥದೇ ಪ್ರಶ್ನೆಗೆ ನನಗೂ ಈ ಕಾರ್ಡ್ ಬಂದಿತ್ತು. ಆಗ ನಾನು ಇದ್ದ ಕೆಲಸ ಬಿಡುವ ಆಲೋಚನೆಯಲ್ಲಿ ಬೇರೆ ಕಡೆಗೆ ಅರ್ಜಿ ಹಾಕಿದ್ದೆ. ಆಗುವುದು ಖಚಿತವಾಗಲಿ, ಸುಮ್ಮನೆ ಏಕೆ ಚಿಂತೆ ಹಚ್ಚುವುದು ಎಂದು ಹೆಂಡತಿಗೆ ಹೇಳಿರಲಿಲ್ಲ. ನೆಲದಲ್ಲಿ ಉಳಿದ ಎರಡು ಕತ್ತಿಗಳನ್ನು ನೋಡುತ್ತಿದ್ದಾಗ, ಈ ಯೋಜನೆಯಲ್ಲಿ ಅವಳ ಪಾಲಿನ ನಿರ್ಧಾರವನ್ನು ನಾನು ಬಿಟ್ಟೇ ಹೊರಟಿದ್ದೇನೆ ಎಂಬುದು ಹೊಳೆಯಿತು. ಆ ಸಂಜೆಯೇ ಹೇಳಿದೆ. ಅವಳಿಗೆ ಕೋಪ ಬಂತು, ಬರಬೇಕಾದದ್ದೇ ಆಗಿತ್ತು. ಆ ಕಾರ್ಡ್‌ಗೆ ನನ್ನ ಅರ್ಜಿಯ ವಿಷಯ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಚಿತ್ರ ಮಾಡಿದ್ದು ಇಷ್ಟೇ: ನಾನು ನೋಡದೆ ತಪ್ಪಿಸುತ್ತಿದ್ದ ಕಡೆಗೆ ಕಣ್ಣು ಹಾಯುವಂತೆ ಮಾಡಿತು. ಅದೇ ಕಾರ್ಡ್ ಬೇರೆ ದಿನಗಳಲ್ಲಿ ಬಂದಾಗ ಏನೂ ಹೊಳೆಯದೆ ‘ಇವತ್ತು ಏನೂ ಇಲ್ಲ’ ಎಂದು ಬರೆದ ಪುಟಗಳೂ ನನ್ನಲ್ಲಿವೆ. ಅಂಥ ಪುಟಗಳನ್ನು ಖಾಲಿ ಬಿಡಲು ಕಲಿಯುವುದು ಈ ಅಭ್ಯಾಸದಲ್ಲಿ ಎಲ್ಲಕ್ಕಿಂತ ಕಷ್ಟ. ಬಂದ ಕಾರ್ಡ್‌ಗೆಲ್ಲ ಅರ್ಥ ಇರಲೇಬೇಕೆಂಬ ಹಟವೇ ಇಲ್ಲದ ಅರ್ಥವನ್ನು ಹುಟ್ಟಿಸುತ್ತದೆ.

ಓದು ಸರಿಯಾದ ದಾರಿಯಲ್ಲಿದೆಯೇ ಎಂದು ತಿಳಿಯಲು ಸಂಜೆಯ ಬರಹ ಬೇಕು. ಬೆಳಗಿನ ಪುಟವನ್ನು ತೆರೆಯದೆ, ದಿನ ಹೇಗೆ ಹೋಯಿತು ಎಂಬುದನ್ನು ಬೇರೆ ಹಾಳೆಯಲ್ಲಿ ನಾಲ್ಕು ಸಾಲು ಬರೆಯಿರಿ: ಏನು ಮಾತಾಯಿತು, ಯಾವಾಗ ಬೇಸರವಾಯಿತು, ಯಾವಾಗ ನಕ್ಕಿರಿ. ತಿಂಗಳ ಕೊನೆಗೆ ಒಂದು ಪರೀಕ್ಷೆ ಮಾಡಿ. ಸಂಜೆಯ ಹತ್ತು ಹಾಳೆಗಳನ್ನು ತೆಗೆದುಕೊಂಡು, ದಿನಾಂಕವನ್ನು ಮುಚ್ಚಿ, ಪ್ರತಿಯೊಂದಕ್ಕೂ ಆ ದಿನದ ಕಾರ್ಡ್ ಬದಲು ಹೊಸದಾಗಿ ಒಂದು ಕಾರ್ಡ್ ತೆಗೆದು ಜೋಡಿಸಿ. ಹೊಸ ಕಾರ್ಡ್‌ಗಳೂ ಅಷ್ಟೇ ಚೆನ್ನಾಗಿ ಹೊಂದುತ್ತಿದ್ದರೆ, ನಿಮಗೆ ಕಾಣುತ್ತಿದ್ದ ಹೊಂದಿಕೆ ಕಾರ್ಡ್‌ನಿಂದ ಬಂದದ್ದಲ್ಲ, ಓದುವವರ ಜೋಡಿಸುವ ಶಕ್ತಿಯಿಂದ ಬಂದದ್ದು ಎಂದರ್ಥ. ಹೊಂದುತ್ತವೆ ಎಂದೇ ನಾನು ನಿರೀಕ್ಷಿಸುತ್ತೇನೆ. ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ 1949ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 39 ವಿದ್ಯಾರ್ಥಿಗಳಿಗೆ ‘ಇದು ನಿಮ್ಮ ವ್ಯಕ್ತಿತ್ವದ ವಿವರಣೆ’ ಎಂದು ಒಂದೇ ಬರಹವನ್ನು ಹಂಚಿದ್ದರು. ಅದು ತಮಗೆ ಎಷ್ಟು ಹೊಂದುತ್ತದೆ ಎಂಬುದಕ್ಕೆ ಅವರು ಕೊಟ್ಟ ಅಂಕದ ಸರಾಸರಿ ಐದಕ್ಕೆ ನಾಲ್ಕನ್ನು ಮೀರಿತ್ತು. ಸಾಕಷ್ಟು ವಿಶಾಲವಾದ ಮಾತು ಎಲ್ಲರಿಗೂ ಹೊಂದುತ್ತದೆ, ಎಲ್ಲ ದಿನಗಳಿಗೂ ಹೊಂದುತ್ತದೆ. ಈ ಪರೀಕ್ಷೆಯನ್ನು ಒಮ್ಮೆ ಮಾಡಿದವರು ‘ಕಾರ್ಡ್ ಹೇಳಿತು’ ಎನ್ನುವುದನ್ನು ಬಿಟ್ಟು ‘ಕಾರ್ಡ್ ನೋಡಿದಾಗ ನನಗೆ ಅನ್ನಿಸಿತು’ ಎನ್ನತೊಡಗುವುದನ್ನು ಕಂಡಿದ್ದೇನೆ, ಮತ್ತು ಆ ಬದಲಾವಣೆಯ ನಂತರ ಅವರ ಓದು ಆಳವಾಗುವುದನ್ನೂ ಕಂಡಿದ್ದೇನೆ.

ಕೆಟ್ಟ ದಾರಿ ಹಿಡಿದಿರುವುದಕ್ಕೆ ಗುರುತುಗಳು ಬೇಗ ಕಾಣುತ್ತವೆ. ಕಾರ್ಡ್ ನೋಡಿದ ಮೇಲೆ ಎದುರಿನವರನ್ನು ಪರೀಕ್ಷಿಸಬೇಕೆನಿಸುವುದು, ಅದೇ ದಿನ ಮತ್ತೆ ತೆಗೆಯುವುದು, ಕಾರ್ಡ್ ನೋಡದೆ ಮನೆಯವರೊಡನೆ ಮಾತು ಆರಂಭಿಸಲು ಹಿಂಜರಿಕೆಯಾಗುವುದು: ಇವುಗಳಲ್ಲಿ ಒಂದು ಕಂಡರೂ ಸಂಬಂಧದ ಪ್ರಶ್ನೆಯನ್ನು ಕೆಲವು ವಾರ ನಿಲ್ಲಿಸುವುದು ಒಳ್ಳೆಯದು. ಕೆಲವು ಪ್ರಶ್ನೆಗಳನ್ನಂತೂ ಕಾರ್ಡ್‌ನ ಮುಂದೆ ಇಡಲೇಬಾರದು. ಅವರು ನನ್ನನ್ನು ವಂಚಿಸುತ್ತಿದ್ದಾರೆಯೇ ಎಂಬುದು ನಡೆದಿರುವ ಅಥವಾ ನಡೆಯದಿರುವ ಸಂಗತಿ, ಅದಕ್ಕೆ ಉತ್ತರ ಅವರ ಬಳಿ ಇದೆ. ಮನೆಯಲ್ಲಿ ಹೊಡೆತ, ಬೆದರಿಕೆಗಳಿದ್ದರೆ ಇಲ್ಲೇ ಇರಲೇ ಹೊರಡಲೇ ಎಂದು ಕಾರ್ಡ್ ಕೇಳುವುದು ಅಪಾಯಕಾರಿ. ಶುಭವೆನ್ನುವ ಸನ್ ಕಾರ್ಡ್ ಬಂದಿತೆಂದು ಯಾರೂ ಅಲ್ಲಿ ಇನ್ನೊಂದು ರಾತ್ರಿ ಉಳಿಯುವಂತಾಗಬಾರದು, ಆಗ ನಂಬಿಕೆಯ ಮನುಷ್ಯರ ಬಳಿಗೇ ಹೋಗಬೇಕು.

ನಿಮ್ಮ ಈಗಿನ ಮೌನಕ್ಕೆ ಬರುತ್ತೇನೆ. ಕಾರ್ಡ್‌ಗಳನ್ನು ಸದ್ಯಕ್ಕೆ ಎತ್ತಿಡಿ. ಪತಿಯ ಜೊತೆ ಕುಳಿತು, ಫೋನ್ ನೋಡಿದ್ದು ನಿಮ್ಮ ತಪ್ಪು ಎಂದು ಹೇಳಿ, ಆ ಮಾತಿನೊಳಗೆ ಸೆವೆನ್ ಆಫ್ ಸ್ವೋರ್ಡ್ಸ್ ಅನ್ನು ತರಬೇಡಿ. ‘ಕಾರ್ಡ್ ಹಾಗೆ ಬಂತು, ಅದಕ್ಕೇ ನೋಡಿದೆ’ ಎಂದರೆ ಹೊಣೆಯನ್ನು ಒಂದು ಕಾಗದದ ಚೂರಿನ ಮೇಲೆ ಹಾಕಿದಂತಾಗುತ್ತದೆ, ಅವರಿಗೆ ಅದು ಎರಡನೆಯ ಅವಮಾನವಾಗುತ್ತದೆ. ಕಾರ್ಡ್ ಏಕೆ ಅಷ್ಟು ಹೆದರಿಸಿತು ಎಂಬುದನ್ನು ಮಾತ್ರ ಅವರಿಗೆ ಹೇಳುವುದು ಅಗತ್ಯ. ಆ ಹೆದರಿಕೆ ಆ ಬೆಳಿಗ್ಗೆ ಹುಟ್ಟಿರಲಾರದು. ಎಂಟು ತಿಂಗಳಿಂದ ದಿನವೂ ಇದೇ ಸಂಬಂಧದ ಬಗ್ಗೆ ಕೇಳುತ್ತಿದ್ದೀರಿ ಎಂದ ಮೇಲೆ, ಅವರನ್ನೇ ಕೇಳಬೇಕಾದ ಯಾವುದೋ ಒಂದು ಮಾತು ಅಷ್ಟು ಕಾಲದಿಂದ ಕಟ್ಟಿನ ಮುಂದೆ ಬಂದು ನಿಲ್ಲುತ್ತಿದೆ ಎಂದು ನನಗನ್ನಿಸುತ್ತದೆ. ಅದು ಯಾವುದೆಂದು ನಿಮಗೆ ಗೊತ್ತಿರಬಹುದು. ಅದನ್ನು ಒಂದೇ ವಾಕ್ಯದಲ್ಲಿ, ‘ನಾನು’ ಎಂದು ಆರಂಭಿಸಿ ಕಾಗದದ ಮೇಲೆ ಬರೆದುಕೊಳ್ಳಿ, ಮತ್ತು ಈ ಸಲ ಅದನ್ನು ಅವರ ಎದುರಿಗೇ ಓದಿ.